ಪ್ರಶ್ನೆಗೆ ಮುಂಚಿನ ಐದು ನಿಮಿಷ

‘ಉಪನ್ಯಾಸ ಮತ್ತು ಸಂವಾದ’ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಹೂಗುಚ್ಛ, ಪ್ರಾಸ್ತಾವಿಕ ಮಾತು, ಇಷ್ಟು ಮುಗಿಯುವಾಗಲೇ ಮುಕ್ಕಾಲು ಗಂಟೆ ಕಳೆದುಹೋಗುತ್ತದೆ. ಆಮೇಲೆ ಅತಿಥಿಯ ಪರಿಚಯ, ಅದಾದ ಮೇಲೆ ಉಪನ್ಯಾಸ. ಕೊನೆಗೆ ನಿರೂಪಕರು ಮೈಕಿನ ಮುಂದೆ ಬಂದು, ಸಮಯದ ಅಭಾವದಿಂದ ಎರಡೇ ಎರಡು ಪ್ರಶ್ನೆಗೆ ಅವಕಾಶ ಎನ್ನುತ್ತಾರೆ. ಮುಂದಿನ ಸಾಲಿನಿಂದ ಒಬ್ಬರು ಎದ್ದು ನಾಲ್ಕು ನಿಮಿಷ ತಮ್ಮ ಅಭಿಪ್ರಾಯ ಹೇಳಿ ಕುಳಿತುಕೊಳ್ಳುತ್ತಾರೆ. ಕೇಳಲೆಂದೇ ಹದಿನೈದು ಕಿಲೋಮೀಟರ್ ದೂರದಿಂದ ಬಸ್ಸು ಹತ್ತಿ ಬಂದವರು ಕೇಳದೆಯೇ ಮನೆಗೆ ಹೋಗುತ್ತಾರೆ.

ಸಮಯ ಕಡಿಮೆಯಿದ್ದದ್ದಷ್ಟೇ ಇದಕ್ಕೆ ಕಾರಣ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಗೋಷ್ಠಿ ನಡೆಸುವವರು ಆರಂಭದಲ್ಲಿ ಆಡುವ ಐದು ನಿಮಿಷದ ಮಾತಿನಲ್ಲೇ ಮುಂದೆ ಯಾರು ಕೇಳುತ್ತಾರೆ, ಏನು ಕೇಳುತ್ತಾರೆ, ಎಷ್ಟು ಜನ ಕೇಳುತ್ತಾರೆ ಎನ್ನುವುದು ಬಹುಪಾಲು ತೀರ್ಮಾನವಾಗಿರುತ್ತದೆ. ಆ ಐದು ನಿಮಿಷದಲ್ಲಿ ಎರಡು ಕೆಲಸ ಆಗಬೇಕು. ಬಂದವರು ಯಾರೆಂದು ಹೇಳಬೇಕು, ಪ್ರಶ್ನೆಗಳನ್ನು ಹೇಗೆ ತೆಗೆದುಕೊಳ್ಳುತ್ತೇವೆಂದು ಹೇಳಬೇಕು. ಇವೆರಡನ್ನೂ ಒಂದು ಸಭೆಯ ಮೂಲಕವೇ ನೋಡುವುದು ಒಳ್ಳೆಯದು.

ಮಲೆನಾಡಿನ ಒಂದು ಸಹಕಾರ ಸಂಘದ ಸಭಾಭವನ ಎಂದು ಕಲ್ಪಿಸಿಕೊಳ್ಳೋಣ. ಸುಮಾರು ನೂರಿಪ್ಪತ್ತು ಅಡಿಕೆ ಬೆಳೆಗಾರರು ಸೇರಿದ್ದಾರೆ. ವಿಷಯ ಎಲೆಚುಕ್ಕೆ ರೋಗ. ಕೆಲವು ವರ್ಷಗಳಿಂದ ಮಲೆನಾಡಿನ ತೋಟಗಳನ್ನು ಹಣ್ಣು ಮಾಡಿರುವ ಈ ರೋಗದ ಬಗ್ಗೆ ಮಾತಾಡಲು ಸಸ್ಯರೋಗ ವಿಜ್ಞಾನಿಯೊಬ್ಬರು ಬಂದಿದ್ದಾರೆ. ಒಟ್ಟು ಒಂದೂವರೆ ಗಂಟೆ ಇದೆ. ಗೋಷ್ಠಿ ನಡೆಸುವ ಹೊಣೆ ಊರಿನ ನಿವೃತ್ತ ಹೈಸ್ಕೂಲ್ ಮೇಷ್ಟ್ರದು.

ಮೇಷ್ಟ್ರ ಕೈಗೆ ಅತಿಥಿಯ ಬಯೋಡೇಟಾ ಬಂದಿದೆ, ಎರಡೂವರೆ ಪುಟ. ಹುಟ್ಟಿದ ಊರು, ಓದಿದ ಶಾಲೆ, ಚಿನ್ನದ ಪದಕ, ಪ್ರಕಟವಾದ ಪ್ರಬಂಧಗಳ ಸಂಖ್ಯೆ, ಸದಸ್ಯರಾಗಿರುವ ಸಮಿತಿಗಳು, ಪ್ರಶಸ್ತಿಗಳು. ಇಷ್ಟನ್ನೂ ಓದಿದರೆ ಎಂಟೊಂಬತ್ತು ನಿಮಿಷ ಹಿಡಿಯುತ್ತದೆ. ಅತಿಥಿಗೆ ಗೌರವ ಸಂದಂತೆಯೂ ಆಗುತ್ತದೆ. ಆದರೆ ಅದನ್ನು ಕೇಳಿದ ಬೆಳೆಗಾರನಿಗೆ ಗೊತ್ತಾಗುವುದು ಇವರು ದೊಡ್ಡವರು ಎಂಬುದೊಂದೇ. ತನ್ನ ತೋಟದ ಯಾವ ಸಂಗತಿಯನ್ನು ಇವರ ಹತ್ತಿರ ಕೇಳಬಹುದು, ಯಾವುದನ್ನು ಕೇಳಿ ಪ್ರಯೋಜನವಿಲ್ಲ ಎಂಬುದು ಗೊತ್ತಾಗುವುದಿಲ್ಲ. ದೊಡ್ಡವರು ಎಂಬ ಭಾವ ಹೆಚ್ಚಿದಷ್ಟೂ ಕೇಳುವ ಬಾಯಿ ಕಟ್ಟುತ್ತದೆ.

ಪ್ರಶ್ನೋತ್ತರವಿರುವ ಸಭೆಯಲ್ಲಿ ಪರಿಚಯದ ಉದ್ದೇಶವೇ ಬೇರೆ. ಅಲ್ಲಿ ಅದು ಕೇಳುಗರಿಗೆ ಕೊಡುವ ನಕ್ಷೆ. ಇಂಥ ಕಡೆ ದಾರಿಯಿದೆ, ಇಂಥ ಕಡೆ ಇಲ್ಲ ಎಂದು ಅದು ತೋರಿಸಬೇಕು. ಅಡಿಕೆಯ ವಿಷಯದಲ್ಲಿ ಇದು ಇನ್ನೂ ಮುಖ್ಯ. ತೋಟಕ್ಕೆ ಬರುವ ರೋಗಗಳೇ ಮೂರು ನಾಲ್ಕಿವೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಕೊಳೆರೋಗ ಮಳೆಗಾಲದಲ್ಲಿ ಕಾಯಿಯನ್ನು ಕೊಳೆಸಿ ಉದುರಿಸುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ಎಂಬ ಕೆನಡಾದ ವಿಜ್ಞಾನಿ 1910ರಲ್ಲೇ ಇದರ ಕಾರಣವನ್ನು ವಿವರಿಸಿದ್ದರು. ಮೈಲುತುತ್ತ ಮತ್ತು ಸುಣ್ಣ ತಲಾ ಒಂದು ಕಿಲೋ, ನೀರು ನೂರು ಲೀಟರ್ ಎಂಬ ಬೋರ್ಡೋ ದ್ರಾವಣದ ಲೆಕ್ಕ ಬೆಳೆಗಾರರಿಗೆ ಬಾಯಿಪಾಠ. ಎಲೆಚುಕ್ಕೆ ಬೇರೆ ಶಿಲೀಂಧ್ರಗಳ ಕೆಲಸ, ಅದು ಸೋಗೆಯನ್ನು ಒಣಗಿಸುತ್ತದೆ. ಹಳದಿ ಎಲೆ ರೋಗವಂತೂ ಶಿಲೀಂಧ್ರದ್ದೇ ಅಲ್ಲ, ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯದು. ಅದನ್ನು ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಸೋಗೆ ಹಳದಿಯಾಯಿತು ಎಂದು ಯಾರಾದರೂ ಎದ್ದು ಹೇಳಿದರೆ ಅದು ಇವುಗಳಲ್ಲಿ ಯಾವುದು ಎಂದು ಬಿಡಿಸಿಕೊಳ್ಳುವುದಕ್ಕೇ ಐದು ನಿಮಿಷ ಬೇಕಾಗುತ್ತದೆ. ಅದರ ಮೇಲೆ ಧಾರಣೆ, ಆಮದು, ಬೆಳೆವಿಮೆ, ಸಾಲ ಸೇರಿಕೊಂಡರೆ ಎಲೆಚುಕ್ಕೆಯ ಮಾತು ಅಲ್ಲಿಗೆ ಮುಗಿದಂತೆ.

ಆದ್ದರಿಂದ ಮೇಷ್ಟ್ರು ಸಭೆಯ ಹಿಂದಿನ ದಿನವೇ ವಿಜ್ಞಾನಿಗೆ ಫೋನ್ ಮಾಡಿ ಮೂರು ಸಂಗತಿ ಕೇಳಿಕೊಂಡಿದ್ದಾರೆ. ನಿಮ್ಮ ಹೆಸರನ್ನು ಹೇಗೆ ಹೇಳಬೇಕು, ಯಾವ ಪ್ರಶ್ನೆ ಬಂದರೆ ನಿಮ್ಮಲ್ಲಿ ಒಳ್ಳೆಯ ಉತ್ತರವಿದೆ, ಯಾವುದಕ್ಕೆ ಇಲ್ಲ. ಮೂರನೆಯ ಪ್ರಶ್ನೆಯನ್ನು ಕೇಳಲು ಅನೇಕರಿಗೆ ಸಂಕೋಚ. ಉತ್ತರ ಕೊಡುವವರಿಗೆ ಮಾತ್ರ ಅದರಿಂದ ಎಷ್ಟೋ ನಿರಾಳ. ತಮಗೆ ಗೊತ್ತಿಲ್ಲದ ವಿಷಯದಲ್ಲಿ ನೂರಾರು ಜನರೆದುರು ತಡವರಿಸುವ ಕಷ್ಟ ಅವರಿಗೆ ತಪ್ಪುತ್ತದೆ.

ಸಭೆಯ ದಿನ ಮೇಷ್ಟ್ರ ಪರಿಚಯದ ಮಾತು ಇಷ್ಟೇ: “ಎಲ್ಲರಿಗೂ ನಮಸ್ಕಾರ. ಮೇಡಂ ಅವರು ಸಸ್ಯರೋಗ ತಜ್ಞರು. ಆರು ವರ್ಷದಿಂದ ಎಲೆಚುಕ್ಕೆ ರೋಗದ ಮೇಲೇ ಕೆಲಸ ಮಾಡ್ತಾ ಇದ್ದಾರೆ. ನಮ್ಮ ಆಸುಪಾಸಿನ ತೋಟಗಳಿಂದಲೇ ಸೋಗೆ ಕೊಯ್ದು ತಗೊಂಡು ಹೋಗಿ ಪರೀಕ್ಷೆ ಮಾಡಿದ್ದಾರೆ. ಯಾವ ಔಷಧಿ ಯಾವಾಗ ಹೊಡೆದರೆ ರೋಗ ಎಷ್ಟು ಹತೋಟಿಗೆ ಬಂತು ಅಂತ ಲೆಕ್ಕ ಇಟ್ಟಿದ್ದಾರೆ. ಹಾಗಾಗಿ ರೋಗ ಗುರುತು ಹಿಡಿಯೋದು, ಹರಡೋದು, ಸಿಂಪಡಣೆ, ಕತ್ತರಿಸಿದ ಸೋಗೆ ಏನು ಮಾಡಬೇಕು, ಇದನ್ನೆಲ್ಲ ಧಾರಾಳವಾಗಿ ಕೇಳಿ. ಕೊಳೆರೋಗದ ಬಗ್ಗೆಯೂ ಸ್ವಲ್ಪ ಹೇಳಬಲ್ಲೆ ಅಂದಿದ್ದಾರೆ. ಧಾರಣೆ, ಆಮದು, ಬೆಳೆವಿಮೆ ಅವರ ಕೆಲಸಕ್ಕೆ ಸೇರಿದ್ದಲ್ಲ, ಅದನ್ನ ಇವತ್ತು ಬೇಡ. ಮತ್ತೊಂದು ಮಾತು, ಅವರು ಯಾವ ಔಷಧಿ ಕಂಪನಿಗೂ ಸಲಹೆಗಾರರಲ್ಲ. ನಾನೇ ಕೇಳಿ ತಿಳ್ಕೊಂಡಿದ್ದೇನೆ.”

ಒಂದು ನಿಮಿಷದಲ್ಲಿ ಮುಗಿಯುವ ಮಾತು. ಇದರಲ್ಲಿ ಪದಕವಿಲ್ಲ, ಪ್ರಶಸ್ತಿಯಿಲ್ಲ, ಆದರೆ ಗೌರವಕ್ಕೆ ಕೊರತೆಯೂ ಇಲ್ಲ. ನಮ್ಮ ತೋಟದ ಸೋಗೆಯನ್ನು ಮುಟ್ಟಿ ನೋಡಿದವರು ಎಂಬ ಮಾತು ಬೆಳೆಗಾರರ ಸಭೆಯಲ್ಲಿ ಚಿನ್ನದ ಪದಕಕ್ಕಿಂತ ಹೆಚ್ಚು ತೂಗುತ್ತದೆ. ಔಷಧಿ ಕಂಪನಿಯ ಮಾತನ್ನು ಮುಂಚೆಯೇ ಆಡಿದ್ದು ಇನ್ನೂ ಒಳ್ಳೆಯದಾಯಿತು. ಶಿಲೀಂಧ್ರನಾಶಕದ ಹೆಸರು ಹೇಳುವ ಯಾರ ಮೇಲಾದರೂ ಆ ಅನುಮಾನ ಇದ್ದೇ ಇರುತ್ತದೆ. ಅದು ಒಳಗೇ ಕುದಿಯುತ್ತಿದ್ದು ನಡುವೆ ಚುಚ್ಚುಮಾತಾಗಿ ಹೊರಬರುವುದಕ್ಕಿಂತ ಮೊದಲೇ ಬಗೆಹರಿಯುವುದು ಲೇಸು. ಒಂದು ವೇಳೆ ಅತಿಥಿ ಸಲಹೆಗಾರರೇ ಆಗಿದ್ದರೆ ಅದನ್ನೂ ಇದೇ ಜಾಗದಲ್ಲಿ, ಇಷ್ಟೇ ಸಹಜವಾಗಿ ಹೇಳಿಬಿಡಬೇಕು.

ಇನ್ನು ನಿಯಮದ ಮಾತು. ಇದನ್ನು ಉಪನ್ಯಾಸ ಮುಗಿದ ಮೇಲೆ ಹೇಳುವುದು ವಾಡಿಕೆ. ಮುಂಚೆಯೇ ಹೇಳಿದರೆ ಕೇಳುವ ರೀತಿಯೇ ಬದಲಾಗುತ್ತದೆ. ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ, ಅದೂ ಅರ್ಧ ನಿಮಿಷದೊಳಗೆ ಎಂದು ಮೊದಲೇ ಗೊತ್ತಿದ್ದರೆ ಉಪನ್ಯಾಸ ಕೇಳುತ್ತಲೇ ಮನಸ್ಸು ತನ್ನ ಪ್ರಶ್ನೆಯನ್ನು ಸೋಸಿಕೊಳ್ಳುತ್ತದೆ. ಕೊನೆಯಲ್ಲಿ ಹೇಳಿದರೆ, ಆಗಲೇ ಮೂರು ಪ್ರಶ್ನೆ ಮತ್ತು ಒಂದು ಪೀಠಿಕೆ ಸಿದ್ಧಮಾಡಿಕೊಂಡು ಕುಳಿತವರನ್ನು ತಡೆದಂತಾಗುತ್ತದೆ. ಅದು ಅವಮಾನದಂತೆ ಕಾಣುತ್ತದೆ.

ಲೆಕ್ಕ ಸರಳ. ಪ್ರಶ್ನೆಗೆಂದು ಮೂವತ್ತು ನಿಮಿಷ ಇಟ್ಟುಕೊಂಡರೆ, ಪ್ರಶ್ನೆಗೆ ಒಂದು ನಿಮಿಷ, ಉತ್ತರಕ್ಕೆ ಎರಡು ನಿಮಿಷ ಎಂದು ಹಿಡಿದರೂ ಹತ್ತು ಜನ ಕೇಳಬಹುದು. ಪ್ರಶ್ನೆ ಮೂರು ನಿಮಿಷಕ್ಕೆ, ಉತ್ತರ ನಾಲ್ಕಕ್ಕೆ ಹಿಗ್ಗಿದರೆ ನಾಲ್ಕೇ ಜನ. ಮೇಷ್ಟ್ರು ಈ ಲೆಕ್ಕವನ್ನು ಸಭೆಯ ಮುಂದೆಯೇ ಇಡುತ್ತಾರೆ. ಚಿಕ್ಕದಾಗಿ ಕೇಳಿ ಎಂಬ ಬುದ್ಧಿಮಾತಿಗಿಂತ ‘ನಾವು ಚಿಕ್ಕದಾಗಿ ಕೇಳಿದರೆ ಹತ್ತು ಮನೆಯವರಿಗೆ ಉತ್ತರ ಸಿಗುತ್ತೆ, ಇಲ್ಲದಿದ್ದರೆ ನಾಲ್ಕು ಮನೆಗೆ’ ಎಂಬ ಮಾತು ಬೇಗ ನಾಟುತ್ತದೆ. ಅರ್ಧ ನಿಮಿಷವಾದ ಮೇಲೆ ನಾನು ಎದ್ದು ನಿಲ್ಲುತ್ತೇನೆ, ನಿಂತೆ ಅಂದರೆ ಪ್ರಶ್ನೆಗೆ ಬರಬೇಕು ಎಂದು ಅರ್ಥ ಎಂದೂ ಅವರು ಹೇಳಿಬಿಡುತ್ತಾರೆ. ಆಮೇಲೆ ಎದ್ದು ನಿಂತದ್ದು ಯಾರೊಬ್ಬರ ವಿರುದ್ಧವೂ ಆಗುವುದಿಲ್ಲ, ಎಲ್ಲರಿಗೂ ಹೇಳಿದ ಮಾತೇ ಆಗಿರುತ್ತದೆ.

ಮೈಕಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಪ್ರಶ್ನೆ ಕೇಳುವವರ ಕೈಗೆ ಮೈಕನ್ನು ಕೊಟ್ಟುಬಿಟ್ಟರೆ ಸಮಯವನ್ನೂ ಕೊಟ್ಟಂತೆ. ಅನುಭವವಿರುವವರು ಮೈಕನ್ನು ಕೊಡುವುದಿಲ್ಲ, ಹಿಡಿಯುತ್ತಾರೆ. ಸಂಘದ ಇಬ್ಬರು ಹುಡುಗರು ಸಭಾಭವನದ ಎಡಕ್ಕೊಬ್ಬ, ಬಲಕ್ಕೊಬ್ಬ ನಿಂತು ಕೇಳುವವರ ಬಾಯಿಯ ಹತ್ತಿರ ಮೈಕ್ ಹಿಡಿಯುತ್ತಾರೆ. ಪ್ರಶ್ನೆ ಮುಗಿಯುತ್ತಿದ್ದಂತೆ ಮೈಕ್ ಮುಂದಿನವರ ಕಡೆ ಹೊರಟಿರುತ್ತದೆ. ಇದನ್ನೂ ಮುಂಚೆಯೇ ಹೇಳಬೇಕು. ಇಲ್ಲದಿದ್ದರೆ ಹಿರಿಯರ ಕೈಗೆ ಮೈಕ್ ಕೊಡದ ಹುಡುಗ ಉದ್ಧಟನೆನಿಸುತ್ತಾನೆ.

ಯಾರು ಮೊದಲು ಕೇಳಬೇಕು ಎಂಬುದು ಸಣ್ಣ ಸಂಗತಿಯಂತೆ ಕಾಣುತ್ತದೆ. 2018ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಅಲೀಸಿಯಾ ಕಾರ್ಟರ್ ಮತ್ತು ಸಹೋದ್ಯೋಗಿಗಳ ಒಂದು ಅಧ್ಯಯನ ಪ್ರಕಟವಾಯಿತು. ಹತ್ತು ದೇಶಗಳ 35 ಸಂಸ್ಥೆಗಳಲ್ಲಿ ನಡೆದ ಸುಮಾರು 250 ವಿಚಾರಗೋಷ್ಠಿಗಳಲ್ಲಿ ಯಾರು ಪ್ರಶ್ನೆ ಕೇಳಿದರು ಎಂದು ಅವರು ದಾಖಲಿಸಿದ್ದರು. ಗೋಷ್ಠಿಗೆ ಬಂದವರಲ್ಲಿ ಸರಾಸರಿ ಅರ್ಧದಷ್ಟು ಹೆಂಗಸರೇ. ಆದರೂ ಒಬ್ಬ ಹೆಂಗಸು ಪ್ರಶ್ನೆ ಕೇಳುವ ಸಂಭವ ಗಂಡಸಿಗಿಂತ ಎರಡೂವರೆ ಪಟ್ಟು ಕಡಿಮೆಯಿತ್ತು. ಇನ್ನೊಂದು ಸಂಗತಿಯೂ ಅವರ ಕಣ್ಣಿಗೆ ಬಿತ್ತು. ಮೊದಲ ಪ್ರಶ್ನೆ ಗಂಡಸಿನಿಂದ ಬಂದ ಗೋಷ್ಠಿಗಳಲ್ಲಿ ಆಮೇಲೂ ಹೆಂಗಸರ ಪ್ರಶ್ನೆಗಳ ಪಾಲು ಕಡಿಮೆಯಾಗಿತ್ತು. ಹೆಚ್ಚು ಪ್ರಶ್ನೆಗಳಿಗೆ ಅವಕಾಶವಿದ್ದಲ್ಲಿ ಅಂತರ ಕಿರಿದಾಗಿತ್ತು. ಇವರೆಲ್ಲ ವಿಶ್ವವಿದ್ಯಾಲಯಗಳಲ್ಲಿ ಓದಿದವರು, ಮಾತಾಡುವುದೇ ವೃತ್ತಿಯಾದವರು ಎಂಬುದನ್ನು ನೆನಪಿಡಬೇಕು.

ಅಡಿಕೆ ಬೆಳೆಗಾರರ ಸಭೆಯಲ್ಲಿ ಮುಂದಿನ ಸಾಲು ಎಂದರೆ ಸಂಘದ ನಿರ್ದೇಶಕರು, ಊರಿನ ಹಿರಿಯರು. ಹೆಂಗಸರು ಕುಳಿತಿರುವುದು ಹಿಂದಿನ ಎರಡು ಸಾಲಿನಲ್ಲಿ. ಅಡಿಕೆ ಸುಲಿಯುವವರು, ತೋಟದಲ್ಲಿ ಉದುರಿದ ಸೋಗೆ ಎಳೆದು ತರುವವರು ಅವರೇ. ಚುಕ್ಕೆ ಮೊದಲು ಯಾವ ಸೋಗೆಯಲ್ಲಿ ಕಂಡಿತು ಎಂದು ಮನೆಯ ಯಜಮಾನನಿಗಿಂತ ಮೊದಲು ಗಮನಿಸಿರುವವರೂ ಅವರಿರಬಹುದು. ಅದಕ್ಕೇ ಮೇಷ್ಟ್ರ ನಿಯಮ: ಮೊದಲ ಎರಡು ಪ್ರಶ್ನೆ ಹಿಂದಿನ ಸಾಲಿನ ಹೆಂಗಸರದು, ಆಮೇಲೆ ಎಡ, ಬಲ, ಮುಂದೆ. ಮೈಕಿನಲ್ಲಿ ಹೇಳಲು ಸಂಕೋಚವಿದ್ದವರು ಚೀಟಿ ಬರೆದುಕೊಡಬಹುದು. ಬಾಗಿಲಲ್ಲೇ ಚೀಟಿ, ಪೆನ್ನು ಹಂಚಿ ಆಗಿದೆ.

ಚೀಟಿಯಲ್ಲೂ ತೊಡಕಿದೆ. ಬಂದ ಚೀಟಿಗಳಲ್ಲಿ ಯಾವುದನ್ನು ಓದಬೇಕು, ಯಾವುದನ್ನು ಕೆಳಗಿಡಬೇಕು ಎಂಬ ಅಧಿಕಾರ ನಡೆಸುವವರ ಕೈಗೆ ಬರುತ್ತದೆ. ಮುಜುಗರದ ಪ್ರಶ್ನೆ ಕಾಣೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಲೋಕಸಭೆಯ ಪ್ರಶ್ನೋತ್ತರ ವೇಳೆಯಲ್ಲಿ ಇದಕ್ಕೆ ಒಂದು ಕಟ್ಟುಪಾಡಿದೆ. ಮೌಖಿಕ ಉತ್ತರ ಬೇಕಾದ ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ ಇಪ್ಪತ್ತೇ. ಯಾವ ಸದಸ್ಯರ ಪ್ರಶ್ನೆಗೆ ಆದ್ಯತೆ ಎಂಬುದು ಚೀಟಿ ಎತ್ತಿ ತೀರ್ಮಾನವಾಗುತ್ತದೆ. ಪ್ರಶ್ನೆ ಮುಂಚೆಯೇ ಅಚ್ಚಾಗಿ ಎಲ್ಲರ ಕೈಯಲ್ಲಿರುವುದರಿಂದ ಸದಸ್ಯರು ಎದ್ದು ಅದನ್ನು ಓದುವುದಿಲ್ಲ, ಸಂಖ್ಯೆಯನ್ನಷ್ಟೇ ಹೇಳುತ್ತಾರೆ. ಉಳಿದ ಸಮಯವೆಲ್ಲ ಉಪಪ್ರಶ್ನೆಗಳಿಗೆ. ಅಷ್ಟಿದ್ದೂ ಆ ಒಂದು ಗಂಟೆಯಲ್ಲಿ ಇಪ್ಪತ್ತೂ ಪ್ರಶ್ನೆ ಮುಗಿಯುವುದು ಅಪರೂಪ. ಸಹಕಾರ ಸಂಘದ ಸಭೆಗೆ ಇಷ್ಟು ಬಿಗಿ ಬೇಡ. ಆದರೆ ಆಯ್ಕೆ ಹೇಗೆ ನಡೆಯುತ್ತದೆ ಎಂದು ಬಾಯಿಬಿಟ್ಟು ಹೇಳುವುದು ಬೇಕು. ಒಂದೇ ವಿಷಯದ ಚೀಟಿಗಳನ್ನು ಸೇರಿಸಿ ಒಂದಾಗಿ ಓದುತ್ತೇನೆ, ಎಷ್ಟು ಚೀಟಿ ಬಂದವು ಎಂದು ಹೇಳುತ್ತೇನೆ, ಯಾವುದನ್ನೂ ಹರಿಯುವುದಿಲ್ಲ ಎಂದು ಮೇಷ್ಟ್ರು ಮಾತು ಕೊಡುತ್ತಾರೆ.

ಮೂರು ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡು ಒಮ್ಮೆಗೇ ಉತ್ತರಿಸುವ ಪದ್ಧತಿಯೂ ಉಂಟು. ಹೊತ್ತು ಉಳಿಯುತ್ತದೆ ಎಂಬುದು ಅದರ ಸಮರ್ಥನೆ. ಉಳಿಯುತ್ತದೆ ನಿಜ, ಆದರೆ ಮೂರರಲ್ಲಿ ಸುಲಭವಾದ ಎರಡಕ್ಕೆ ವಿಸ್ತಾರವಾದ ಉತ್ತರ ಬಂದು ಕಷ್ಟದ್ದು ಜಾರಿಹೋಗುತ್ತದೆ. ಕೇಳಿದವರು ಮತ್ತೆ ಎದ್ದು ನೆನಪಿಸುವುದಿಲ್ಲ. ಸಭೆ ತೀರಾ ದೊಡ್ಡದಾಗಿರದಿದ್ದರೆ ಒಂದು ಪ್ರಶ್ನೆ, ಒಂದು ಉತ್ತರವೇ ಸರಿ.

ಸಭೆಯನ್ನು ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುವುದಿದ್ದರೆ ಅದನ್ನೂ ಆರಂಭದಲ್ಲೇ ಹೇಳಬೇಕು. ತೋಟಕ್ಕೆ ರೋಗ ಬಂತು ಎನ್ನುವುದು ಸಂಬಂಧ ನೋಡಲು ಬರುವವರ ಕಿವಿಗೂ ಬೀಳಬಹುದಾದ ಸುದ್ದಿ, ಸಾಲದ ಮಾತಂತೂ ಹೇಳುವುದೇ ಬೇಡ. ಲಂಡನ್ನಿನ ಚಾಥಮ್ ಹೌಸ್ ಎಂಬ ಸಂಸ್ಥೆ 1927ರಷ್ಟು ಹಿಂದೆಯೇ ಇದಕ್ಕೊಂದು ನಿಯಮ ಮಾಡಿಕೊಂಡಿತ್ತು, ಈಗ ಅದು ಜಗತ್ತಿನ ಎಷ್ಟೋ ಸಭೆಗಳಲ್ಲಿ ಜಾರಿಯಲ್ಲಿದೆ. ಅಲ್ಲಿ ಕೇಳಿದ ವಿಷಯವನ್ನು ಹೊರಗೆ ಬಳಸಬಹುದು, ಯಾರು ಹೇಳಿದ್ದು ಎಂಬುದನ್ನು ಬಿಟ್ಟುಕೊಡುವಂತಿಲ್ಲ. ಮೇಷ್ಟ್ರು ಇದರ ಸರಳ ರೂಪವನ್ನು ಆರಿಸಿಕೊಂಡಿದ್ದಾರೆ: ಉಪನ್ಯಾಸಕ್ಕೆ ಮಾತ್ರ ಕ್ಯಾಮೆರಾ, ಪ್ರಶ್ನೆ ಶುರುವಾದಾಗ ಬಂದ್.

ಉಪನ್ಯಾಸ ಮುಗಿಯಿತು. ಯಾರಾದರೂ ಕೇಳಬಹುದು ಎಂದರು. ಸಭೆ ಗಪ್‌ಚಿಪ್. ಇಂಥ ಮೌನಕ್ಕೆ ಹೆದರಿ, ಪ್ರಶ್ನೆಗಳಿಲ್ಲ ಎಂದು ಕಾಣುತ್ತದೆ ಎನ್ನುತ್ತ ವಂದನಾರ್ಪಣೆಗೆ ಹಾರಿದವರು ಎಷ್ಟೋ ಮಂದಿ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ಶಾಲೆಗಳ ತರಗತಿಗಳನ್ನು ಧ್ವನಿಮುದ್ರಿಸಿಕೊಂಡು ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದುದು ಕಂಡುಬಂತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರೂ ಬಾಯಿಬಿಟ್ಟರು, ಮಕ್ಕಳೇ ಹೆಚ್ಚು ಪ್ರಶ್ನೆ ಕೇಳತೊಡಗಿದರು. ದೊಡ್ಡವರ ಸಭೆಯಲ್ಲಿ ಮೂರು ಸೆಕೆಂಡು ಸಾಲದು. ಅದಕ್ಕಾಗಿ ಮೇಷ್ಟ್ರು ಆರಂಭದಲ್ಲೇ ಒಂದು ಏರ್ಪಾಡು ಹೇಳಿದ್ದರು: ಮೇಡಂ ಮಾತು ಮುಗಿದ ಮೇಲೆ ಎರಡು ನಿಮಿಷ ಪಕ್ಕದವರ ಜೊತೆ ಮಾತಾಡಿಕೊಳ್ಳಿ, ಏನು ಕೇಳಬೇಕು ಅಂತ. ಆ ಎರಡು ನಿಮಿಷದಲ್ಲಿ ಸಭಾಭವನ ಗಿಜಿಗುಟ್ಟುತ್ತದೆ. ‘ನೀನೇ ಕೇಳೇ’, ‘ನಂಗೂ ಅದೇ ಅನುಮಾನ’ ಎಂಬ ಮಾತುಗಳು ಓಡಾಡುತ್ತವೆ. ಒಬ್ಬರಿಗೇ ಪೆದ್ದು ಅನಿಸಿದ್ದ ಪ್ರಶ್ನೆ ಇಬ್ಬರದ್ದಾದ ಮೇಲೆ ಕೇಳಲು ಧೈರ್ಯ ಬರುತ್ತದೆ.

ಹಿಂದಿನ ಸಾಲಿನಿಂದ ಮೊದಲ ಪ್ರಶ್ನೆ ಬಂತು. “ಮೇಡಂ, ಕತ್ತರಿಸಿದ ಸೋಗೆ ಮರದ ಬುಡಕ್ಕೇ ಹಾಕ್ತೇವೆ. ಅದ್ರಿಂದ ಮತ್ತೆ ಬರ್ತದಾ?”

ಪಿಸುದನಿ, ಮುಂದಿನವರಿಗೆ ಕೇಳಿಸಿಲ್ಲ. ಮೇಷ್ಟ್ರು ಅದನ್ನು ಮೈಕಿನಲ್ಲಿ ಮತ್ತೆ ಹೇಳಿದರು: “ರೋಗ ಹಿಡಿದ ಸೋಗೆಯನ್ನ ತೋಟದಲ್ಲೇ ಬಿಟ್ಟರೆ ಅಲ್ಲಿಂದ ರೋಗ ಮತ್ತೆ ಹರಡುತ್ತಾ ಅಂತ ಅಕ್ಕ ಕೇಳ್ತಿದ್ದಾರೆ. ಅಕ್ಕಾ, ಸರಿ ತಾನೆ?” ಕೊನೆಯ ಎರಡು ಪದ ಬಹಳ ಮುಖ್ಯ. ಪ್ರಶ್ನೆಯನ್ನು ಮತ್ತೊಮ್ಮೆ ಹೇಳುವಾಗ ಅದು ಹೇಳುವವರ ಪ್ರಶ್ನೆಯಾಗಿಬಿಡುವ ಅಪಾಯವಿದೆ, ಅದಕ್ಕೆ ಕೇಳಿದವರ ಒಪ್ಪಿಗೆ ಬೇಕು.

ಹಾಗೆಂದು ಬರೀ ಗಿಳಿಪಾಠವೂ ಸಾಲದು. 1992ರ ಅಕ್ಟೋಬರ್ 15ರಂದು ಅಮೆರಿಕದ ರಿಚ್ಮಂಡ್ ನಗರದಲ್ಲಿ ಮೂವರು ಅಧ್ಯಕ್ಷೀಯ ಅಭ್ಯರ್ಥಿಗಳು ಸಾಮಾನ್ಯ ಮತದಾರರ ಪ್ರಶ್ನೆಗಳಿಗೆ ಉತ್ತರಿಸಿದ ಸಭೆ ಟಿವಿಯಲ್ಲಿ ನೇರಪ್ರಸಾರವಾಯಿತು. ನಡೆಸಿಕೊಟ್ಟವರು ಪತ್ರಕರ್ತೆ ಕ್ಯಾರೊಲ್ ಸಿಂಪ್ಸನ್. ಒಬ್ಬ ಯುವತಿ ಎದ್ದು, ರಾಷ್ಟ್ರೀಯ ಸಾಲ ನಿಮ್ಮ ನಿಮ್ಮ ಬದುಕನ್ನು ಹೇಗೆ ತಟ್ಟಿದೆ ಎಂದು ಕೇಳಿದರು. ಅಧ್ಯಕ್ಷ ಜಾರ್ಜ್ ಬುಷ್ ಬಡ್ಡಿದರದ ಮಾತೆತ್ತಿದರು, ಯುವತಿ ಒಪ್ಪಲಿಲ್ಲ, ಪ್ರಶ್ನೆ ಅರ್ಥವಾಗುತ್ತಿಲ್ಲ ಎಂದರು ಬುಷ್. ಆಗ ಸಿಂಪ್ಸನ್ ನಡುವೆ ಬಂದು, ಅವರ ಮನಸ್ಸಿನಲ್ಲಿರುವುದು ಸಾಲಕ್ಕಿಂತ ಆರ್ಥಿಕ ಹಿಂಜರಿತದ ಕಷ್ಟ ಇರಬೇಕು ಎಂದು ಬಿಡಿಸಿ ಹೇಳಿದರು. ಕೇಳಿದ ಪದ ಒಂದು, ಕೇಳಬೇಕೆಂದಿದ್ದ ಸಂಗತಿ ಇನ್ನೊಂದು. ಅಡಿಕೆ ಸಭೆಯಲ್ಲಿ ‘ಸೋಗೆ ಹಳದಿಯಾಯ್ತು’ ಎಂಬ ಮಾತಿಗೂ ಇದೇ ಗತಿ. ಚುಕ್ಕೆ ಇದ್ದು ಹಳದಿಯಾ, ಚುಕ್ಕೆ ಇಲ್ಲದೆ ಹಳದಿಯಾ ಎಂದು ನಡೆಸುವವರು ಒಂದೇ ಮಾತು ಮರುಕೇಳಿದರೆ ವಿಜ್ಞಾನಿಯ ಐದು ನಿಮಿಷ ಉಳಿಯಿತು. ಅದಕ್ಕಾಗಿ ಅವರಿಗೂ ವಿಷಯ ಒಂದಿಷ್ಟು ಗೊತ್ತಿರಬೇಕು.

ಮಾಡಿದ ನಿಯಮಕ್ಕೆ ನಿಜವಾದ ಪರೀಕ್ಷೆ ಎದುರಾದದ್ದು ಮೂರನೆಯ ಪ್ರಶ್ನೆಯಲ್ಲಿ. ಸಂಘದ ಹಿರಿಯ ನಿರ್ದೇಶಕರು ಎದ್ದು, ತಮ್ಮ ತಂದೆಯ ಕಾಲದಲ್ಲಿ ಕೊನೆಗೌಡರು ಹೇಗೆ ಮರ ಹತ್ತಿ ಔಷಧಿ ಹೊಡೆಯುತ್ತಿದ್ದರು ಎಂಬಲ್ಲಿಂದ ಶುರುಮಾಡಿದರು. ಅರ್ಧ ನಿಮಿಷ ದಾಟಿತು. ಮೇಷ್ಟ್ರು ಎದ್ದು ನಿಂತರು. ಮಾತು ನಿಲ್ಲಲಿಲ್ಲ. ಇಲ್ಲಿ ಬಿಟ್ಟುಕೊಟ್ಟರೆ, ನಿಯಮ ಸಣ್ಣವರಿಗೆ ಮಾತ್ರ ಎಂಬುದು ಇಡೀ ಸಭೆಗೆ ಆ ಕ್ಷಣವೇ ಅರ್ಥವಾಗುತ್ತದೆ. ನಾಲ್ಕನೆಯವರು ಐದು ನಿಮಿಷ ತೆಗೆದುಕೊಳ್ಳುತ್ತಾರೆ, ಹಿಂದಿನ ಸಾಲಿನ ಕೈಗಳು ಕೆಳಗಿಳಿಯುತ್ತವೆ. ಮೇಷ್ಟ್ರು ಮೆತ್ತಗೆ ಅಂದರು: “ಹೆಗಡೇರೇ, ನಿಮ್ಮ ಅನುಭವ ದೊಡ್ಡದು, ಅದಕ್ಕೇ ನಿಮ್ಮ ಪ್ರಶ್ನೆ ಏನು ಅಂತ ಕೇಳೋಕೆ ಕಾಯ್ತಿದ್ದೇವೆ. ಒಂದೇ ವಾಕ್ಯದಲ್ಲಿ ಹೇಳಿ.” ಹೆಗಡೆಯವರು ಒಂದು ಗಳಿಗೆ ತಡೆದು, ದೋಟಿಯಲ್ಲಿ ಕೆಳಗಿಂದಲೇ ಹೊಡೆದರೆ ಮೇಲಿನ ಸೋಗೆಗೆ ಔಷಧಿ ಸರಿಯಾಗಿ ತಾಗುತ್ತದೆಯೇ ಎಂದು ಕೇಳಿದರು. ಆ ದಿನ ಬಂದ ಪ್ರಶ್ನೆಗಳಲ್ಲಿ ಬಹಳ ಒಳ್ಳೆಯದು ಅದು. ವಿಜ್ಞಾನಿ ಚೇರಿನಿಂದ ಎದ್ದು ಬಂದು, ಕೈ ಎತ್ತಿ ತೋರಿಸುತ್ತ ಉತ್ತರಿಸಿದರು.

ಕೊನೆಗೆ ಹನ್ನೊಂದು ಚೀಟಿ ಉಳಿದವು. ಮುಂಚೆ ಹೇಳಿದ ಹಾಗೆ ಮೇಷ್ಟ್ರು ಅವುಗಳನ್ನು ಎಣಿಸಿ ಸಂಖ್ಯೆ ಹೇಳಿದರು. ಧಾರಣೆಯದು ನಾಲ್ಕು, ಅವನ್ನು ಸಂಘದ ಕಾರ್ಯದರ್ಶಿಗೆ ಕೊಟ್ಟರು. ಸಿಂಪಡಣೆಯ ಏಳನ್ನು ವಿಜ್ಞಾನಿ ಬ್ಯಾಗಿಗೆ ಹಾಕಿಕೊಂಡರು. ಉತ್ತರ ಬರೆದು ಕಳಿಸುವುದು, ಅದನ್ನು ಸಂಘದ ನೋಟಿಸ್ ಬೋರ್ಡಿಗೆ ಹಚ್ಚುವುದು ಎಂದಾಯಿತು. ಯಾವ ತಾರೀಕಿನೊಳಗೆ ಎಂದು ಬಾಗಿಲ ಹತ್ತಿರ ಒಬ್ಬರು ಕೇಳಿದರು. ಈ ತಿಂಗಳ 25ರೊಳಗೆ ಎಂದು ವಿಜ್ಞಾನಿ ಹೇಳಿದರು, ಮೇಷ್ಟ್ರು ಅದನ್ನು ಮೈಕಿನಲ್ಲಿ ಮತ್ತೊಮ್ಮೆ ಹೇಳಿದರು.